ನೆಲ ಅಕ್ಕನದು, ಮರ ತಮ್ಮನದು

"ಮೊದಲು ಕಟ್ಟಳೆ ಬರೆದು ಆಮೇಲೆ ಕಥೆ ಹುಟ್ಟಿಸಕ್ಕಾಗಲ್ಲ ಮಾರಾಯಾ" ಅಂತ ತೀರ್ಥಹಳ್ಳಿಯ ಬರೆಯುವ ಗೆಳೆಯರೆಲ್ಲ ಹೇಳಿದ್ದರು. ಹುಟ್ಟಿತು. ಕಾದಂಬರಿ ಈಗ ಮುಗಿದಿದೆ.

ಮೊದಲ ಕರಡಿನಲ್ಲಿ ನನ್ನ ಕಲ್ಪನೆಯ ಕಣಿವೆಗೆ ಘಟ್ಟದ ಕೆಳಗಿನ ಅಳಿಯಸಂತಾನವನ್ನೇ ಎತ್ತಿ ತಂದಿದ್ದೆ. ಸೋದರಮಾವ ಯಜಮಾನ, ಆಸ್ತಿ ಅವನ ಅಕ್ಕತಂಗಿಯರ ಸಂತಾನಕ್ಕೆ. ಜಗಳವೇನೋ ಎದ್ದಿತು, ಆದರೆ ಅದು ಆ ಕಡೆಯ ಮನೆಗಳು 1949ರ ಅಳಿಯಸಂತಾನ ಕಾಯಿದೆಗೂ ಮೊದಲೇ ಆಡಿ ಮುಗಿಸಿದ ಜಗಳ. ಸುಮಾರು 180 ಪುಟ, ಡಿಟಿಪಿಗೆ ಕೊಟ್ಟ 9 ಸಾವಿರದಷ್ಟು ದುಡ್ಡು, ಎರಡೂ ಹೋದವು.

ದಾರಿ ಸಿಕ್ಕಿದ್ದು ನಮ್ಮದೇ ತೋಟದಲ್ಲಿ. ಎರಡೇ ಕಟ್ಟಳೆ ಇಟ್ಟುಕೊಂಡೆ. ನೆಲ ತಾಯಿಯಿಂದ ಮಗಳಿಗೆ. ಮರ ನೆಟ್ಟವರಿಂದ ಅವರ ಮಕ್ಕಳಿಗೆ. ಕಣಿವೆಯಲ್ಲಿ ಅಕ್ಕನ ನೆಲವನ್ನು ತಮ್ಮ ಮಾಡುತ್ತಾನೆ. ಅವನು ಅಡಿಕೆ ಸಸಿ ಇಟ್ಟರೆ ಫಸಲಿಗೆ ಐದಾರು ವರ್ಷ, ಆಮೇಲೆ ನಲವತ್ತು ವರ್ಷವಾದರೂ ಮರ ನಿಲ್ಲುತ್ತದೆ. ನೆಟ್ಟವನು ಹೋದಮೇಲೂ ಅವನ ಮಕ್ಕಳ ಮರ ಬೇರೆಯವರ ನೆಲದಲ್ಲಿ ಕಾಯಿ ಬಿಡುತ್ತಿರುತ್ತದೆ. ಅಡಿಕೆ ತೆಗೆದು ಭತ್ತ ಹಾಕಿ ನೋಡಿದೆ. ಕೊಯ್ಲಾಗುತ್ತಿದ್ದಂತೆ ತಕರಾರೂ ಮುಗಿದುಹೋಯಿತು.

ಇಂಥಲ್ಲಿ ಜನ ಸಂಬಂಧ ಬೆಳೆಸಿ ಆಸ್ತಿ ಕೂಡಿಸಲು ನೋಡುತ್ತಾರೆ. ಅಕ್ಕನಿಗೆ ಬೊಮ್ಮ, ಚೆನ್ನಿ. ತಮ್ಮನಿಗೂ ಒಂದು ಗಂಡು, ಒಂದು ಹೆಣ್ಣು. ಬೊಮ್ಮನಿಗೆ ಮಾವನ ಮಗಳನ್ನು ತಂದೆ. ಎಲ್ಲ ಸರಿಹೋಯಿತು ಅಂದುಕೊಂಡು ಮೂರು ಅಧ್ಯಾಯ ಬರೆದಮೇಲೆ ತಪ್ಪು ಕಂಡಿತು. ಅವರ ಮಕ್ಕಳಿಗೆ ತಾಯಿಯ ಕಡೆಯಿಂದ ಮರ ಬಂತು, ನೆಲ ಮಾತ್ರ ಚೆನ್ನಿಯ ಹೆಣ್ಣುಮಕ್ಕಳಿಗೇ ಹೋಯಿತು. ಒಂದು ತಲೆಮಾರಿನ ಶಾಂತಿ, ಅಷ್ಟೇ. ನೆಲ ಮರ ಒಂದೇ ಕೈಗೆ ಬರಬೇಕಾದರೆ ಚೆನ್ನಿಯೇ ಮಾವನ ಮಗನನ್ನು ಮದುವೆಯಾಗಬೇಕು, ಅವಳಿಗೆ ಹೆಣ್ಣು ಹುಟ್ಟಬೇಕು. ಹಾಗಾಗಿ ಇಡೀ ಕಣಿವೆಯ ಒತ್ತಡ ಒಬ್ಬ ಹುಡುಗಿಯ ಮೇಲೆ ಬಂದು ಬಿತ್ತು. ಇದನ್ನು ನಾನು ಯೋಚಿಸಿ ಇಟ್ಟಿದ್ದಲ್ಲ, ಕಟ್ಟಳೆಯೇ ತಂದಿಟ್ಟಿತು. ಖಳನಾಯಕನ ಅಗತ್ಯವೇ ಬೀಳಲಿಲ್ಲ.

ಚೆನ್ನಿ ಒಲ್ಲೆ ಅಂದಳು. ಅಂದು ಸುಮ್ಮನೆ ಕೂರಲಿಲ್ಲ, ಮಾವನ ಹಳೇ ಮರಗಳ ನಡುವೆ ತಾನೇ ಸಸಿ ಇಟ್ಟಳು. ನೆಟ್ಟವಳು ಅವಳು, ಮರ ಅವಳದು. ಸತ್ತ ಮರದ ಜಾಗಕ್ಕೆ ಮಾವನ ಮಗ ಹೊಸ ಸಸಿ ಇಡಬೇಕೆಂದರೆ ನೆಲದವಳ ಒಪ್ಪಿಗೆ ಬೇಕು. ಅವನ ತೋಟ ವರ್ಷ ವರ್ಷ ಕರಗುತ್ತದೆ, ಕಟ್ಟಳೆ ಮುರಿದವರು ಯಾರೂ ಇಲ್ಲ. ಆ ಅಧ್ಯಾಯ ಓದಿದ ಮೇಲೆ ಗೆಳೆಯರು ಎದುರು ಮಾತಾಡಲಿಲ್ಲ.

ನಡುವೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿಯೂ ನೋಡಿದೆ. ನೆಲ ಒಬ್ಬಳದು, ಮರ ಒಬ್ಬನದು, ಬಳ್ಳಿ ಮೂರನೆಯವರದು. ಮೂವತ್ತು ಪುಟಕ್ಕೆ ನನಗೇ ಲೆಕ್ಕ ತಪ್ಪಿತು, ಕಿತ್ತುಹಾಕಿದೆ.

ಹೆಣ್ಣುಮಕ್ಕಳಿಲ್ಲದ ಮನೆಯ ನೆಲ ಯಾರಿಗೆ ಅನ್ನುವುದಕ್ಕೆ ಮೂರನೆಯ ಕಟ್ಟಳೆಯೊಂದಿದೆ. ಎರಡನೇ ಭಾಗ ನಿಂತಿರುವುದೇ ಅದರ ಮೇಲೆ, ಇಲ್ಲಿ ಹೇಳುವುದಿಲ್ಲ.