ಖಾಲಿ ಮೂತ್ರಕೋಶ, ಒಣ ಬಟ್ಟೆ, ಒಂದು ಸ್ಲೈಡ್: ಗರ್ಭದ ನೀರನ್ನು ಗುರುತಿಸಿದ ನನ್ನ ಅನುಭವ

ಗದಗ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ಹೆರಿಗೆ ಕೋಣೆಯಲ್ಲಿ ನಾನು ಬಹಳ ವರ್ಷಗಳಿಂದ ಶುಶ್ರೂಷಾಧಿಕಾರಿಯಾಗಿದ್ದೇನೆ. ನೀರು ಒಮ್ಮೆಲೇ ಒಡೆದು ಸೀರೆ ತೊಯ್ದು ಬಂದ ಗರ್ಭಿಣಿಯನ್ನು ನೋಡಿ ನಿರ್ಧರಿಸಲು ಯಾವ ಪರೀಕ್ಷೆಯೂ ಬೇಕಿಲ್ಲ. ನಮ್ಮಂಥವರನ್ನು ಕಾಡುವುದು ಏಳನೆಯ ಅಥವಾ ಎಂಟನೆಯ ತಿಂಗಳಲ್ಲಿ ಹನಿಹನಿಯಾಗಿ ಜಿನುಗಿ, ಒಮ್ಮೆ ನಿಂತು, ಮತ್ತೆ ಶುರುವಾಗುವ ನೀರು. ಅದು ಗರ್ಭದ ನೀರೋ, ಮೂತ್ರವೋ, ಬಿಳಿ ಸೆರಗೋ ಎಂದು ಹೇಳಲು ನಾನು ರೂಢಿಸಿಕೊಂಡ ಕ್ರಮವನ್ನು ಆರಂಭದಲ್ಲಿ ಯಾರೂ ಒಪ್ಪಲಿಲ್ಲ. ಪ್ರಯೋಗಶಾಲೆಯ ತಂತ್ರಜ್ಞರು ಕಫ ಮತ್ತು ಮಲೇರಿಯಾ ನೋಡುವ ಸೂಕ್ಷ್ಮದರ್ಶಕದಲ್ಲಿ ಇದನ್ನೇಕೆ ನೋಡಬೇಕೆಂದರು. ಹಿರಿಯ ಸಹೋದ್ಯೋಗಿಯೊಬ್ಬರು ಅನುಮಾನವಿದ್ದರೆ ಮೇಲಿನ ಆಸ್ಪತ್ರೆಗೆ ಬರೆದುಕೊಟ್ಟರೆ ಮುಗಿಯಿತಲ್ಲ ಎಂದರು. ಈಗ ಅವರಿಬ್ಬರೂ ಇಂಥ ಗರ್ಭಿಣಿ ಬಂದಾಗ ನನ್ನನ್ನೇ ಕರೆಯುತ್ತಾರೆ.

ಬರೆದುಕೊಟ್ಟರೆ ಮುಗಿಯುವುದಿಲ್ಲ ಎನ್ನುವುದಕ್ಕೆ ಹಣದ ಲೆಕ್ಕವೂ ಒಂದು ಕಾರಣ. 108 ಗಾಡಿ ಕರೆದೊಯ್ಯುವುದು ಉಚಿತವೇ ಹೌದು. ಆದರೆ ಮೂತ್ರವೆಂದು ತಿಳಿದು ಬಿಟ್ಟ ಮೇಲೆ ತಿರುಗಿ ಬರಲು ಬಾಡಿಗೆ ಗಾಡಿ, ಜೊತೆಗೆ ಬಂದ ಇಬ್ಬರ ಊಟ, ಒಂದು ಸ್ಕ್ಯಾನ್, ಎರಡು ದಿನದ ಕೂಲಿ ಎಲ್ಲ ಸೇರಿ ಬಡ ಮನೆಗೆ ಮೂರು ಸಾವಿರದಷ್ಟು ಬೀಳುತ್ತಿತ್ತು. ಹಾಗೆ ಹೋಗಿ ಬಂದ ಮನೆಯವರು, ಮುಂದೊಮ್ಮೆ ನಿಜವಾಗಿ ನೀರು ಹೋಗುವಾಗ ಹೊರಡಲು ಒಪ್ಪುತ್ತಿರಲಿಲ್ಲ. ನನ್ನನ್ನು ಈ ಹಾದಿಗೆ ಹಚ್ಚಿದ್ದು ಮುಖ್ಯವಾಗಿ ಅದೇ.

ಮೊದಲು ನಾನು ನೆಚ್ಚಿಕೊಂಡದ್ದು ಹುಳಿ-ಕ್ಷಾರ ಗುಣವನ್ನು ಬಣ್ಣದಲ್ಲಿ ತೋರಿಸುವ ಪಿಎಚ್ ಪಟ್ಟಿಯನ್ನು. ಗರ್ಭಿಣಿಯ ಯೋನಿದ್ರವ ಹುಳಿ ಗುಣದ್ದು, ಪಿಎಚ್ ಸುಮಾರು 4ರಿಂದ 4.5, ಗರ್ಭದ ನೀರು 7ರಿಂದ 7.5ರ ನಡುವೆ ಇರುತ್ತದೆ. ಹುಳಿ ದ್ರವಕ್ಕೆ ಪಟ್ಟಿ ಹಳದಿಯಾಗಿಯೇ ಉಳಿಯಬೇಕು, ಗರ್ಭದ ನೀರಿಗೆ ನೀಲಿಯಾಗಬೇಕು. ಕಾಗದದ ಮೇಲೆ ಇದು ಬಹಳ ಸರಳವಾಗಿ ಕಾಣುತ್ತದೆ. ನೂರೈವತ್ತು ರೂಪಾಯಿಯ ಆಸುಪಾಸಿನಲ್ಲಿ ಒಂದು ಡಬ್ಬಿ ತರಿಸಿದೆ. ಮುಚ್ಚಳ ಸಡಿಲವಾಗಿ ಮಳೆಗಾಲದ ತೇವಕ್ಕೆ ಅರ್ಧ ಡಬ್ಬಿ ಹಾಳಾಯಿತು. ಉಳಿದದ್ದು ಸಿಕ್ಕಸಿಕ್ಕವರಲ್ಲೆಲ್ಲ ನೀಲಿಗೆ ತಿರುಗಿತು. ಕಾರಣ ಹುಡುಕುತ್ತ ಹೋದಾಗ ಒಂದೊಂದೇ ತಿಳಿಯಿತು. ಸ್ವಲ್ಪ ರಕ್ತ ಬೆರೆತರೆ ನೀಲಿ, ಹಿಂದಿನ ರಾತ್ರಿ ಗಂಡ ಹೆಂಡತಿ ಕೂಡಿದ್ದರೆ ವೀರ್ಯದಿಂದ ನೀಲಿ, ಯೋನಿಯ ಕೆಲವು ಸೋಂಕುಗಳಿದ್ದರೆ ನೀಲಿ. ಮೂತ್ರ ಸಾಮಾನ್ಯವಾಗಿ ಹುಳಿ ಗುಣದ್ದೇ ಆದರೂ ಮೂತ್ರದ ಸೋಂಕಿದ್ದಾಗ ಕ್ಷಾರಕ್ಕೆ ತಿರುಗಬಲ್ಲದು. ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದು ಬಟ್ಟೆ: ಮನೆಯಿಂದ ತಂದ ಬಟ್ಟೆಯಲ್ಲಿ ಉಳಿದ ಸಾಬೂನಿನ ಅಂಶ ಸಾಕು, ಬರೀ ಕುಡಿಯುವ ನೀರು ಚಿಮುಕಿಸಿದರೂ ಪಟ್ಟಿ ನೀಲಿಯಾಗುತ್ತಿತ್ತು.

ಆಗ ನಡುವೆ ಅರಿಶಿಣದ ಬಟ್ಟೆಯ ಪ್ರಯೋಗವನ್ನೂ ಮಾಡಿ ನೋಡಿದೆ. ಅರಿಶಿಣ ಸಾಬೂನು ತಾಗಿದರೆ ಕೆಂಪಾಗುವುದನ್ನು ನಾವೆಲ್ಲ ಸೀರೆಯ ಕಲೆಯಲ್ಲಿ ಕಂಡವರೇ. ಪಟ್ಟಿಯ ಖರ್ಚು ಉಳಿಯಬಹುದೆಂದು ಬಿಳಿ ಬಟ್ಟೆಯನ್ನು ಅರಿಶಿಣದಲ್ಲಿ ಅದ್ದಿ ಒಣಗಿಸಿಟ್ಟೆ. ನೀರು ಒಡೆದದ್ದು ಖಚಿತವಿದ್ದ ಗರ್ಭಿಣಿಯರ ನೀರನ್ನು ಹಾಕಿದರೂ ಅದು ಹಳದಿಯಾಗಿಯೇ ಉಳಿಯಿತು. ಅರಿಶಿಣ ಕೆಂಪಾಗಲು ಪಿಎಚ್ 8ರ ಆಸುಪಾಸಿಗಾದರೂ ಏರಬೇಕು, ಗರ್ಭದ ನೀರು ಅಲ್ಲಿಗೆ ತಲುಪುವುದೇ ಇಲ್ಲ. ಯಾರೂ ಅದನ್ನು ನಂಬಿ ಗರ್ಭಿಣಿಯನ್ನು ಮನೆಯಲ್ಲಿ ಕೂರಿಸಬಾರದು.

ಪಟ್ಟಿಯನ್ನು ನಾನು ಬಿಡಲಿಲ್ಲ, ಆದರೆ ಅದಕ್ಕೊಂದು ಕಟ್ಟು ಹಾಕಿದೆ. ಮೊದಲು ಗರ್ಭಿಣಿಗೆ ಮೂತ್ರ ಮಾಡಿ ಬರಲು ಹೇಳಿ, ಅದರಲ್ಲೇ ಸ್ವಲ್ಪವನ್ನು ಶುಭ್ರ ಡಬ್ಬಿಯಲ್ಲಿ ತರಿಸಿ, ಅವಳ ಮೂತ್ರಕ್ಕೇ ಮೊದಲ ಪಟ್ಟಿಯನ್ನು ಅದ್ದುತ್ತೇನೆ. ಅದು ನೀಲಿಯಾದರೆ ಅವಳ ಮಟ್ಟಿಗೆ ಪಟ್ಟಿಯ ಪರೀಕ್ಷೆ ಅಲ್ಲಿಗೆ ಮುಗಿಯಿತು. ಮೂತ್ರದ ಸೋಂಕನ್ನು ನೋಡಬೇಕೆಂಬ ಸೂಚನೆ ಮಾತ್ರ ಸಿಕ್ಕಿತು. ಹಳದಿಯಾಗಿಯೇ ಉಳಿದರೆ ಮುಂದೆ ಬರುವ ನೀಲಿಗೆ ಬೆಲೆ ಬರುತ್ತದೆ. ಇಷ್ಟು ಚಿಕ್ಕ ಹೆಜ್ಜೆಯನ್ನು ನಾನು ಬೇರೆ ಕಡೆ ಯಾರೂ ಮಾಡುವುದನ್ನು ಕಂಡಿಲ್ಲ.

ಮೂತ್ರಕೋಶ ಖಾಲಿಯಾದ ಮೇಲೆ ಒಣ ಬಟ್ಟೆ. ಅಂಗಡಿಯ ಪ್ಯಾಡ್ ಬೇಡ, ಅದರೊಳಗಿನ ಪುಡಿ ನೀರನ್ನು ಹೀರಿ ಮೇಲ್ಮೈಯನ್ನು ಒಣಗಿದಂತೆ ತೋರಿಸುತ್ತದೆ, ಕೆಲವಕ್ಕೆ ಸುವಾಸನೆಯೂ ಇರುತ್ತದೆ. ಹಳೆಯ ಬಿಳಿ ಪಂಚೆಯನ್ನು ಸಾಬೂನಿಲ್ಲದೆ ಕುದಿಸಿ ಬಿಸಿಲಿಗೆ ಒಣಗಿಸಿ, ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದೇನೆ. ಅದನ್ನು ಕಟ್ಟಿಸಿ ಅರ್ಧ ಗಂಟೆ ಎಡಮಗ್ಗುಲಾಗಿ ಮಲಗಿಸಿ, ಆಮೇಲೆ ಎದ್ದು ನಿಲ್ಲಲು ಹೇಳುತ್ತೇನೆ. ಮಲಗಿದ್ದಾಗ ಯೋನಿಯ ಹಿಂಭಾಗದಲ್ಲಿ ಕೂಡಿಕೊಂಡ ನೀರು ನಿಂತ ಕ್ಷಣ ಇಳಿಯುತ್ತದೆ. ಕೆಮ್ಮಿಸಿದಾಗ ನೀರು ಬಂದರೆ ಮೂತ್ರವೇ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಅದು ಸರಿಯಲ್ಲ, ಏಕೆಂದರೆ ಕೆಮ್ಮಿದರೆ ಗರ್ಭದ ನೀರೂ ಹೊರಬೀಳುತ್ತದೆ. ಮೂತ್ರಕೋಶ ಖಾಲಿಯಿದ್ದೂ ಬಟ್ಟೆ ಒದ್ದೆಯಾಯಿತೇ ಎನ್ನುವುದೇ ಕೇಳಬೇಕಾದ ಪ್ರಶ್ನೆ.

ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಬಿಳಿ ಸೆರಗು ಬಟ್ಟೆಯ ಮೇಲ್ಪದರದಲ್ಲೇ ನಿಂತು ಬೆರಳಿಗೆ ಅಂಟುತ್ತದೆ, ಒಣಗಿದ ಮೇಲೆ ಆ ಜಾಗ ಗಂಜಿ ಹಾಕಿದಂತೆ ಬಿರುಸಾಗುತ್ತದೆ. ಮೂತ್ರಕ್ಕೆ ತನ್ನದೇ ವಾಸನೆ, ಅಂಚಿನಲ್ಲಿ ಹಳದಿ ಛಾಯೆ. ಗರ್ಭದ ನೀರು ಮಡಿಕೆಗಳನ್ನು ದಾಟಿ ಕೆಳಗಿನ ಪದರದವರೆಗೂ ಇಳಿಯುತ್ತದೆ, ಬಣ್ಣ ಬಹುತೇಕ ಇರುವುದಿಲ್ಲ, ದಿನ ತುಂಬಿದವರಲ್ಲಿ ಕೆಲವೊಮ್ಮೆ ಮಗುವಿನ ಮೈಯ ಬಿಳಿ ಮೇಣದ ಚಿಕ್ಕ ಚೂರುಗಳು ಅಂಟಿರುತ್ತವೆ. ಇನ್ನೊಂದನ್ನು ಕೇಳಲು ಮರೆಯಬಾರದು: ಬಿಳಿ ಸೆರಗಿಗೆಂದು ಯೋನಿಯೊಳಗೆ ಇಡುವ ಮಾತ್ರೆಯನ್ನು ಹಿಂದಿನ ರಾತ್ರಿ ಇಟ್ಟುಕೊಂಡಿದ್ದರೆ ಅದು ಕರಗಿ ಸುಣ್ಣದ ನೀರಿನಂತೆ ಇಳಿಯುತ್ತದೆ.

ಬಟ್ಟೆ ಸಂಶಯ ಹುಟ್ಟಿಸಿದರೆ ಸ್ಲೈಡ್‌ಗೆ ಹೋಗುತ್ತೇವೆ. ಕೈ ಹಾಕಿ ಪರೀಕ್ಷಿಸುವುದನ್ನು ನಮ್ಮ ಕೇಂದ್ರದಲ್ಲಿ ಇಂಥವರಲ್ಲಿ ಪೂರ್ತಿ ನಿಲ್ಲಿಸಿದ್ದೇವೆ; ಹೆರಿಗೆ ನೋವು ಇಲ್ಲದೆ ನೀರು ಹೋಗುತ್ತಿರುವಾಗ ಬೆರಳು ಹಾಕಿದರೆ ಸೋಂಕನ್ನು ಒಳಗೆ ತಳ್ಳಿದಂತೆಯೇ. ವೈದ್ಯಾಧಿಕಾರಿಗಳು ಯೋನಿಯನ್ನು ಅಗಲಿಸಿ ನೋಡುವ ಕ್ರಿಮಿಶುದ್ಧ ಸ್ಪೆಕ್ಯುಲಮ್ ಹಾಕಿ, ಯೋನಿಯ ಹಿಂಬದಿಯ ಮೂಲೆಯಿಂದ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆಯುತ್ತಾರೆ. ಗರ್ಭಕಂಠದ ಬಾಯಿಯಿಂದ ತೆಗೆಯಬಾರದು, ಅಲ್ಲಿನ ಲೋಳೆಯೂ ಒಣಗಿದಾಗ ಗರ್ಭದ ನೀರಿನಂತೆಯೇ ಎಲೆಯ ಆಕೃತಿ ಕೊಟ್ಟು ಮೋಸ ಮಾಡುತ್ತದೆ. ಆ ದ್ರವವನ್ನು ಸ್ಲೈಡ್ ಮೇಲೆ ತೆಳ್ಳಗೆ ಹರಡಿ, ಮೇಲೆ ಗಾಜು ಮುಚ್ಚದೆ, ಬಣ್ಣ ಹಾಕದೆ, ಹತ್ತು ನಿಮಿಷ ತಾನಾಗಿ ಒಣಗಲು ಬಿಟ್ಟು 10 ಪಟ್ಟಿನ ಮಸೂರದಲ್ಲಿ ನೋಡಬೇಕು. ಗರ್ಭದ ನೀರಿನಲ್ಲಿರುವ ಉಪ್ಪು ಮತ್ತು ಪ್ರೋಟೀನ್ ಸೇರಿ ಜರೀಗಿಡದ ಎಲೆಯಂತೆ ಕವಲೊಡೆದ ಹರಳುಗಳಾಗಿ ನಿಲ್ಲುತ್ತವೆ.

ಮೊದಮೊದಲು ಸ್ಲೈಡ್‌ನಲ್ಲಿ ಏನೂ ಕಾಣುತ್ತಿರಲಿಲ್ಲ. ಅವಸರಕ್ಕೆ ಸ್ಪಿರಿಟ್ ದೀಪದ ಮೇಲೆ ಒಣಗಿಸಿದರೆ ಆಕೃತಿ ಕೆಡುತ್ತದೆ. ಒದ್ದೆಯಿರುವಾಗಲೇ ನೋಡಿದರೆ ಹರಳು ಕಟ್ಟಿಯೇ ಇರುವುದಿಲ್ಲ. ತೊಳೆದು ಮತ್ತೆ ಬಳಸಿದ ಸ್ಲೈಡ್ ಮೇಲೆ ಬೆರಳಿನ ಬೆವರಿನ ಉಪ್ಪೇ ಹರಳು ಕಟ್ಟಿ ಕೂರುತ್ತದೆ. ನೂರು ರೂಪಾಯಿಯೊಳಗೆ ಸಿಗುವ ಹೊಸ ಸ್ಲೈಡ್ ಡಬ್ಬಿಗೆ ಆರೋಗ್ಯ ರಕ್ಷಾ ಸಮಿತಿಯಿಂದ ಹಣ ಕೇಳಿ ಪಡೆದ ಮೇಲೆ ಆ ತೊಂದರೆ ತಪ್ಪಿತು. ಮಳೆಗಾಲದ ಥಂಡಿಯಲ್ಲಿ ಬೇಗ ಒಣಗಿಸಲು ನನ್ನದೊಂದು ಉಪಾಯವಿದೆ, ಅದನ್ನು ಬರೆದು ಕಲಿಸಲಾಗುವುದಿಲ್ಲ, ಬಂದು ನೋಡಿದವರಿಗೆ ತೋರಿಸುತ್ತೇನೆ. ಸಾವಿರಕ್ಕೂ ಮೇಲೆ ಬೆಲೆಯ ಸಿದ್ಧ ಕಿಟ್‌ಗಳೂ ಬಂದಿವೆ, ಅವು ಒಳ್ಳೆಯವೇ, ಆದರೆ ನಮ್ಮಂಥ ಕೇಂದ್ರಕ್ಕೆ ಎಟಕುವುದಿಲ್ಲ.

ಎಲ್ಲರ ಅನುಮಾನ ಕರಗಿಸಿದ್ದು ಮುಂಡರಗಿ ಕಡೆಯ ಹಳ್ಳಿಯ ಒಬ್ಬ ಹೆಣ್ಣುಮಗಳು. ಎರಡನೆಯ ಬಸುರು, 33 ವಾರ. "ಅಕ್ಕಾರ, ಕಾಲ್ಮಡಿನೂ ಅಲ್ಲ, ಬಿಳೀನೂ ಅಲ್ಲ, ಎದ್ದು ನಿಂತ್ರ ತಣ್ಣಗ ಜಿನುಗತೈತ್ರಿ" ಎಂದಳು. ಎರಡು ದಿನದಿಂದ ಹಾಗಿತ್ತು. ಬೇರೊಂದು ಕಡೆ ಸ್ಕ್ಯಾನ್ ಮಾಡಿ ನೀರು ಸಾಕಷ್ಟಿದೆ, ಇದು ಮೂತ್ರ ಎಂದು ಕಳುಹಿಸಿದ್ದರು. ಜೊತೆಗಿದ್ದ ಅತ್ತೆಯೂ ಚೊಚ್ಚಲದಲ್ಲೂ ಹೀಗೆ ಆಗಿತ್ತೆಂದು ಹೊರಡಲು ಅವಸರ ಮಾಡುತ್ತಿದ್ದರು. ಸ್ಕ್ಯಾನ್‌ನಲ್ಲಿ ನೀರು ಸರಿಯಿದ್ದ ಮಾತ್ರಕ್ಕೆ ಸೋರಿಕೆ ಇಲ್ಲವೆಂದಾಗುವುದಿಲ್ಲ. ನೀರಿನ ಚೀಲದ ಮೇಲ್ಭಾಗದಲ್ಲೆಲ್ಲೋ ಸಣ್ಣ ತೂತು ಬಿದ್ದಿದ್ದರೆ ಹನಿಹನಿಯಾಗಿ ಹೋಗುತ್ತಿದ್ದರೂ ಮಗುವಿನ ಮೂತ್ರ ಆ ನೀರನ್ನು ತುಂಬುತ್ತಲೇ ಇರುತ್ತದೆ.

ಅವಳ ಮೂತ್ರದಲ್ಲಿ ಪಟ್ಟಿ ಹಳದಿ. ಅರ್ಧ ಗಂಟೆಯ ಬಟ್ಟೆಯಲ್ಲಿ ಅಂಗೈ ಅಗಲದ ಒದ್ದೆ, ನಾಲ್ಕನೆಯ ಮಡಿಕೆಯವರೆಗೆ, ಬಣ್ಣವಿಲ್ಲ, ಮೂತ್ರದ ವಾಸನೆಯಿಲ್ಲ. ಸ್ಪೆಕ್ಯುಲಮ್ ಹಾಕಿದಾಗ ನೀರು ಕೂಡಿ ನಿಂತದ್ದು ಬಹಳ ಕಡಿಮೆ. ಕೆಮ್ಮಿಸಿದಾಗ ಗರ್ಭಕಂಠದಿಂದ ಒಂದು ಸಣ್ಣ ಎಳೆ ಇಳಿಯಿತು. ಅದಕ್ಕೆ ತಾಗಿಸಿದ ಪಟ್ಟಿ ನೀಲಿ. ಸ್ಲೈಡ್ ಒಣಗಿದ ಮೇಲೆ ಮೊದಲು ಕಣ್ಣಿಟ್ಟವರು ಅದೇ ತಂತ್ರಜ್ಞರು. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಎಲೆ ಬಿಡಿಸಿದಂತಿತ್ತು. ವೈದ್ಯಾಧಿಕಾರಿಗಳು ಮಗುವಿನ ಶ್ವಾಸಕೋಶ ಬಲಿಯಲೆಂದು ಡೆಕ್ಸಾಮೆಥಸೋನ್ 6 ಮಿ.ಗ್ರಾಂ.ನ ಮೊದಲ ಚುಚ್ಚುಮದ್ದು ಕೊಡಿಸಿ, ಪ್ರತಿಜೀವಕ ಆರಂಭಿಸಿ 108ರಲ್ಲಿ ಗದಗಿಗೆ ಕಳುಹಿಸಿದರು. ಅಲ್ಲಿ ನೀರಿನ ಚೀಲ ಒಡೆದದ್ದು ಖಚಿತವಾಯಿತು, ಹನ್ನೆರಡು ಗಂಟೆಗೊಂದರಂತೆ ಉಳಿದ ಮೂರು ಚುಚ್ಚುಮದ್ದುಗಳು ಮುಗಿದ ಕೆಲವು ದಿನಗಳ ಮೇಲೆ ಹೆರಿಗೆಯಾಯಿತು, ಮಗು ಉಳಿಯಿತು.

ಈ ಕ್ರಮಕ್ಕೆ ಮಿತಿಯಿದೆ. ಬಟ್ಟೆ ಒಣಗಿಯೇ ಉಳಿದು ಸ್ಲೈಡ್ ಖಾಲಿ ಬಂದರೂ, ಸೋರಿಕೆ ನಿಂತ ಹೊತ್ತಿನಲ್ಲಿ ನೋಡಿದ್ದರೆ ಅದು ಏನನ್ನೂ ಹೇಳುವುದಿಲ್ಲ; ಅಂಥವರನ್ನು ಕೇಂದ್ರದಲ್ಲೇ ಇರಿಸಿಕೊಂಡು ಕೆಲವು ಗಂಟೆಗಳ ನಂತರ ಮತ್ತೆ ನೋಡುತ್ತೇನೆ, 37 ವಾರ ತುಂಬದವರಲ್ಲಿ ಸಂಶಯ ಉಳಿದರೆ ಕಳುಹಿಸಿಯೇ ಬಿಡುತ್ತೇವೆ. ರಕ್ತ ಬೆರೆತಿದ್ದರೆ ಸ್ಲೈಡ್‌ನ ಮಾತನ್ನೂ ಪೂರ್ತಿ ನಂಬಲಾಗದು. ನೀರು ಹಸಿರಾಗಿದ್ದರೆ, ದುರ್ವಾಸನೆ ಅಥವಾ ಜ್ವರವಿದ್ದರೆ, ರಕ್ತ ಹೋಗುತ್ತಿದ್ದರೆ, ಮಗುವಿನ ಚಲನೆ ಕಡಿಮೆಯಾಗಿದ್ದರೆ ಯಾವ ಪರೀಕ್ಷೆಗೂ ಕಾಯಬಾರದು, ನೇರವಾಗಿ ಗಾಡಿ ಹತ್ತಿಸಬೇಕು. ಹೊಕ್ಕುಳ ಬಳ್ಳಿ ಕೆಳಗೆ ಇಳಿದಂತೆ ಕಂಡರೆ ಮೊಣಕಾಲು ಮತ್ತು ಎದೆಯ ಮೇಲೆ ಬಾಗಿಸಿ, ಸೊಂಟ ಮೇಲಾಗುವಂತೆ ಮಲಗಿಸಿಯೇ ಕರೆದೊಯ್ಯಬೇಕು. ಕಳುಹಿಸುವಾಗ ತಾಯಿ ಕಾರ್ಡಿನಲ್ಲಿ ನೀರು ಮೊದಲು ಕಂಡ ದಿನ ಮತ್ತು ಗಂಟೆ, ಬಣ್ಣ, ಕೈ ಹಾಕಿ ಪರೀಕ್ಷಿಸಿಲ್ಲವೆಂಬ ಮಾತು, ಕೊಟ್ಟ ಚುಚ್ಚುಮದ್ದಿನ ಹೊತ್ತು ಇವಿಷ್ಟನ್ನು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತೇನೆ, ಒದ್ದೆ ಬಟ್ಟೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗೆ ಕೊಡುತ್ತೇನೆ.