ಗುರುವಾರದ ಡಬ್ಬಿ, ಬುಧವಾರದ ರಿಪೋರ್ಟು

ಹಾಸನಾಂಬೆಯ ಬಾಗಿಲು ತೆಗೆದ ಗುರುವಾರ ಅದು. ಸಂಜೆ ನಾಲ್ಕರ ಹೊತ್ತಿಗೆ ಆಲೂರು ಕಡೆಯ ತಾಯಿಯೊಬ್ಬರು ಪ್ಲಾಸ್ಟಿಕ್ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಹಾಸನದ ನಮ್ಮ ಲ್ಯಾಬಿಗೆ ತಂದರು. ಹತ್ತೊಂಬತ್ತು ವರ್ಷದ ಮಗಳ ಕುತ್ತಿಗೆಯ ಬಲಗಡೆ ಮೂರು ತಿಂಗಳಿಂದ ಗಂಟು, ಸಂಜೆ ಹೊತ್ತು ಜ್ವರ, ತೂಕ ಇಳಿದಿದೆ. ಸೂಜಿ ಹಾಕಿ ತೆಗೆದ ಪರೀಕ್ಷೆಯಲ್ಲಿ ಏನೂ ಖಚಿತವಾಗದ್ದರಿಂದ ಗಂಟನ್ನೇ ಇಡಿಯಾಗಿ ತೆಗೆದಿದ್ದರು. ಜೊತೆಗಿದ್ದ ಚೀಟಿಯಲ್ಲಿ ಟಿಬಿಯೋ ಲಿಂಫೋಮಾವೋ ಎಂದು ಎರಡು ಪ್ರಶ್ನೆ ಚಿಹ್ನೆ. ಆ ಎರಡನೆಯ ಪದವೆಂದರೆ ಒಂದು ಬಗೆಯ ಕ್ಯಾನ್ಸರ್ ಎಂದು ದಾರಿಯಲ್ಲೇ ಯಾರೋ ಅವರಿಗೆ ಹೇಳಿಬಿಟ್ಟಿದ್ದರು.

"ಯಾವತ್ತು ಬತ್ತದೆ ಮೇಡಂ ರಿಪೋರ್ಟು?"

ಸಾಮಾನ್ಯವಾಗಿ ನಾನು ಹೇಳುವುದು ಮೂರು ದಿನ. ಆದರೆ ದಿನ ಹೇಳುವ ಮೊದಲು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡುವುದು ಅಭ್ಯಾಸ. ಮಾಂಸ ಕೆಡದಂತೆ ಕಾಯುವ ಫಾರ್ಮಲಿನ್ ದ್ರವ ತುಣುಕಿಗಿಂತ ಕನಿಷ್ಠ ಹತ್ತು ಪಟ್ಟು ಇರಬೇಕು, ಇಪ್ಪತ್ತು ಪಟ್ಟಿದ್ದರೆ ಇನ್ನೂ ಒಳ್ಳೆಯದು. ಈ ಗಂಟು ಹುಣಸೆ ಬೀಜಕ್ಕಿಂತ ದೊಡ್ಡದು, ಸುಮಾರು ಎರಡು ಸೆಂಟಿಮೀಟರ್ ಉದ್ದ. ಡಬ್ಬಿಯಲ್ಲಿದ್ದದ್ದು ಗಂಟು ಮುಳುಗುವಷ್ಟೇ ದ್ರವ, ಅದೂ ರಕ್ತ ಬೆರೆತು ಕೆಂಪಾಗಿತ್ತು. ತಕ್ಷಣ ಅದನ್ನು ಅಗಲ ಬಾಯಿಯ ಬಾಟಲಿಗೆ ಹಾಕಿ, ಐವತ್ತು ಮಿಲಿ ಹೊಸ ಫಾರ್ಮಲಿನ್ ಸುರಿದೆ. ಆ ತಾಯಿಗೆ "ಸೋಮವಾರ ಅಥವಾ ಅದರ ಮೇಲೆ ಒಂದೆರಡು ದಿನ" ಎಂದೆ. ಒಂದೇ ದಿನ ಹೇಳಿ ಆಮೇಲೆ ತಪ್ಪಿದರೆ ಕಾಯುವವರ ಎದೆ ಒಡೆಯುತ್ತದೆ. ಆದ್ದರಿಂದ ಹಿಗ್ಗಿಸಿಯೇ ಹೇಳುವುದು.

ಶುಕ್ರವಾರ ಬೆಳಿಗ್ಗೆ ಪೆಥಾಲಜಿಸ್ಟ್ ಡಾಕ್ಟರ ಜೊತೆ ಗ್ರಾಸಿಂಗಿಗೆ, ಅಂದರೆ ಗಂಟನ್ನು ಕಣ್ಣಲ್ಲೇ ನೋಡಿ ಕೊಯ್ಯುವ ಕೆಲಸಕ್ಕೆ ಕೂತೆವು. ಅಳತೆ ಬರೆದುಕೊಂಡು ಉದ್ದಕ್ಕೆ ಕೊಯ್ದಾಗ ಅಂಚು ಬಿಳಿಚಿ ಗಟ್ಟಿಯಾಗಿತ್ತು, ನಡುಭಾಗ ಮಾತ್ರ ಇನ್ನೂ ಗುಲಾಬಿ, ಮೆತ್ತಗೆ. ಫಾರ್ಮಲಿನ್ ಒಳಗಿಳಿಯುವ ವೇಗ ಮೊದಲು ಗಂಟೆಗೆ ಸುಮಾರು ಒಂದು ಮಿಲಿಮೀಟರ್, ಒಳಹೋದಂತೆ ಇನ್ನೂ ನಿಧಾನ. ಈ ಗಂಟು ಊದಿದ ದುಗ್ಧಗ್ರಂಥಿ, ಅದರ ಸುತ್ತ ಒಂದು ಗಟ್ಟಿ ಪೊರೆ ಬೇರೆ ಇರುತ್ತದೆ. ಕೊಯ್ಯದೆ ಇಡಿಯಾಗಿ ಹಾಕಿದರೆ ಹೊರಗೆ ಬೆಂದು ಒಳಗೆ ಹಸಿಯಾಗಿ ಉಳಿಯುವ ಇಡ್ಲಿಯ ಹಾಗೆಯೇ.

ಇಲ್ಲಿ ಅವಸರ ಮಾಡಬಹುದಿತ್ತು. ಆ ತುಣುಕನ್ನೇ ರಾತ್ರಿ, ಮಾಂಸದ ನೀರು ತೆಗೆದು ಮೇಣ ತುಂಬುವ ಯಂತ್ರಕ್ಕೆ ಹಾಕಿದ್ದರೆ ಶನಿವಾರ ಸ್ಲೈಡ್ ಸಿಗುತ್ತಿತ್ತು. ಆದರೆ ಹಸಿ ನಡುಭಾಗವನ್ನು ಯಂತ್ರದ ಆಲ್ಕೊಹಾಲ್ ಹಿಂಡಿ ಕುಗ್ಗಿಸಿಬಿಡುತ್ತದೆ. ಜೀವಕೋಶದ ನ್ಯೂಕ್ಲಿಯಸ್ ಮಸಿ ಬಳಿದಂತೆ ಕಾಣುತ್ತದೆ. ಲಿಂಫೋಮಾ ಹೌದೋ ಅಲ್ಲವೋ ಎಂದು ಹೇಳಲು ಡಾಕ್ಟರು ನೋಡುವುದೇ ಆ ನ್ಯೂಕ್ಲಿಯಸ್‌ನ ಆಕಾರ, ಅದರೊಳಗಿನ ಚುಕ್ಕೆ. ಅದು ಕೆಟ್ಟರೆ ಹುಡುಗಿಯ ಕುತ್ತಿಗೆಗೆ ಮತ್ತೆ ಕತ್ತಿ. ಹಾಗಾಗಿ ಮೂರು ಮಿಲಿಮೀಟರಿನ ಹೋಳುಗಳಾಗಿ ಕೊಯ್ದು ಕ್ಯಾಸೆಟ್ ಎನ್ನುವ ತೂತುಗಳಿರುವ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಗೆ ಹಾಕಿ ಮತ್ತೆ ಹೊಸ ಫಾರ್ಮಲಿನ್‌ನಲ್ಲಿಟ್ಟೆವು.

ಶನಿವಾರ ಆ ತಾಯಿ ಬಂದರು. ಸೋಮವಾರ ಅಂದಿದ್ದು ಗೊತ್ತು, ಆದರೂ ಬಂದರು. ಇನ್ನೂ ಸ್ಲೈಡೇ ಆಗಿಲ್ಲ ಎಂದಾಗ ಮುಖ ಬಾಡಿತು.

"ಕೆಟ್ಟದ್ದು ಅಂತ ಗೊತ್ತಾಗಿ ಮುಚ್ಚಿಡ್ತಾ ಇದೀರಾ ಮೇಡಂ?"

ಕೌಂಟರಿನಲ್ಲಿ ಕೂತವರಿಗೆ ಈ ಪ್ರಶ್ನೆ ಬಂದಾಗ ಬಾಯಿಗೆ ಮೊದಲು ಬರುವುದು "ಏನಿರಲ್ಲ ಬಿಡಿ ಅಮ್ಮ" ಎನ್ನುವ ಮಾತು. ಅದನ್ನು ನಾನು ಆಡುವುದಿಲ್ಲ, ನನಗೆ ಗೊತ್ತಿಲ್ಲದ್ದು ಅದು. ಗೊತ್ತಿದ್ದದ್ದನ್ನು ಹೇಳಿದೆ: "ಗಂಟಿನ ಒಳಗೆ ಔಷಧಿ ಇಳಿದಿರಲಿಲ್ಲ ಅಮ್ಮ. ಕೊಯ್ದು ಮತ್ತೆ ಹಾಕಿದೀವಿ. ಇವತ್ತಿನವರೆಗೂ ಯಾರೂ ಅದನ್ನ ಮೈಕ್ರೋಸ್ಕೋಪಲ್ಲಿ ನೋಡಿಲ್ಲ, ಡಾಕ್ಟರಿಗೂ ಗೊತ್ತಿಲ್ಲ." ಒಳಗೆ ಕರೆದು ಬಾಟಲಿಯಲ್ಲಿ ತೇಲುತ್ತಿದ್ದ ಕ್ಯಾಸೆಟ್ ತೋರಿಸಿದೆ. ಮೇಲೆ ಪೆನ್ಸಿಲಿನಲ್ಲಿ ಬರೆದ ನಂಬರನ್ನು ಅವರ ರಸೀದಿಯ ನಂಬರಿನ ಪಕ್ಕ ಹಿಡಿದು ನೋಡಿದರು. ಪೆನ್ಸಿಲೇ ಏಕೆ ಎಂದು ಕೇಳಿದರು. ಮಾಮೂಲಿ ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಕರಗಿ ಹೋಗುತ್ತದೆ, ಪೆನ್ಸಿಲ್ ಹೋಗುವುದಿಲ್ಲ ಎಂದೆ. ಬೇರೆಯವರ ಗಂಟಿನ ಜೊತೆ ಅದಲುಬದಲಾಗುವ ಭಯವೂ ಅವರ ಮನಸ್ಸಿನಲ್ಲಿತ್ತು ಎಂದು ಆಗ ತಿಳಿಯಿತು.

ಭಾನುವಾರ ಲ್ಯಾಬ್ ರಜೆ. ರಜೆಗೆ ಮುಂಚೆ ತುಣುಕನ್ನು ಯಂತ್ರಕ್ಕೆ ಹಾಕಿದರೆ ಎಲ್ಲ ಹಂತ ಮುಗಿಸಿ ಕೊನೆಯ ಬಿಸಿ ಮೇಣದಲ್ಲಿ ಒಂದಿಡೀ ದಿನ ಕೂತು ಬಿರುಸಾಗುತ್ತದೆ, ಕೊಯ್ಯುವಾಗ ಪುಡಿಯಾಗುತ್ತದೆ. ಫಾರ್ಮಲಿನ್‌ನಲ್ಲಿ ಇನ್ನೊಂದು ದಿನ ಹೆಚ್ಚು ಕೂತರೆ ಅಂಥ ಹಾನಿಯಿಲ್ಲ. ಅದಕ್ಕೇ ಯಂತ್ರದ ಟೈಮರನ್ನು ಭಾನುವಾರ ಸಂಜೆಗೆ ಇಟ್ಟೆ. ಅಲ್ಲಿಂದ ರಾತ್ರಿಯಿಡೀ ಏರುತ್ತಾ ಹೋಗುವ ಆಲ್ಕೊಹಾಲ್ ಮಾಂಸದ ನೀರನ್ನು ತೆಗೆಯುತ್ತದೆ, ಕ್ಸೈಲೀನ್ ಆ ಆಲ್ಕೊಹಾಲನ್ನು ತೆಗೆಯುತ್ತದೆ, ಖಾಲಿಯಾದ ಜಾಗಕ್ಕೆ ಅರವತ್ತು ಡಿಗ್ರಿಯ ಮೇಣ ಹೋಗಿ ತುಂಬುತ್ತದೆ. ಆ ಹೊತ್ತಿಗೆ ತಾಯಿ ಹಾಸನಾಂಬೆಯ ದರ್ಶನದ ಸಾಲಿನಲ್ಲಿದ್ದರಂತೆ.

ಸೋಮವಾರ ಬೆಳಿಗ್ಗೆ ಮೇಣದ ಬ್ಲಾಕ್ ಕಟ್ಟಿ, ಐಸಿನ ಮೇಲೆ ತಣ್ಣಗಾಗಿಸಿ, ತೆಳು ಪದರ ಕೊಯ್ಯುವ ಮೈಕ್ರೋಟೋಮಿನಲ್ಲಿ ಮೂರು ಮೈಕ್ರಾನಿಗೆ ಕೊಯ್ದೆ. ಗ್ರಂಥಿಯಲ್ಲಿ ಕೋಶಗಳು ಒತ್ತೊತ್ತಾಗಿ ಇರುವುದರಿಂದ ಐದು ಮೈಕ್ರಾನ್ ಆದರೆ ಒಂದರ ಮೇಲೊಂದು ಕೂತು ಎಲ್ಲವೂ ಕಪ್ಪಾಗಿ ಕಾಣುತ್ತದೆ. ಬಣ್ಣ ಹಾಕಿ ಮಧ್ಯಾಹ್ನ ಟ್ರೇಯಲ್ಲಿ ಡಾಕ್ಟರ ಮೇಜಿಗಿಟ್ಟೆ. ನಡುಭಾಗವೂ ಸ್ವಚ್ಛವಾಗಿ ಬಂದಿತ್ತು.

ಸಂಜೆ ಡಾಕ್ಟರು ಹೇಳಿದ್ದು ಒಂದೇ ಮಾತು: "ಜಡ್‌ಎನ್ ಹಾಕಿ." ಅದು ಟಿಬಿ ರೋಗಾಣುವಿಗೆ ಹಾಕುವ ಬಣ್ಣ. ಮೊಸರು ಗಟ್ಟಿಯಾದಂತೆ ಸತ್ತ ಮಾಂಸ, ಅದರ ಸುತ್ತ ಕುದುರೆ ಲಾಳದ ಆಕಾರದಲ್ಲಿ ನ್ಯೂಕ್ಲಿಯಸ್ ಜೋಡಿಸಿಕೊಂಡ ದೊಡ್ಡ ಕೋಶಗಳು ಕಂಡಿದ್ದವು. ಮಂಗಳವಾರ ಅದೇ ಬ್ಲಾಕಿನಿಂದ ಇನ್ನೊಂದು ಸ್ಲೈಡ್ ಕೊಯ್ದೆ. ರೋಗಾಣು ಇದೆಯೆಂದು ಮೊದಲೇ ಗೊತ್ತಿರುವ ಒಂದು ಹಳೆಯ ಬ್ಲಾಕಿನ ಸ್ಲೈಡನ್ನೂ ಜೊತೆಗೆ ಇಟ್ಟು ಎರಡಕ್ಕೂ ಒಟ್ಟಿಗೆ ಬಣ್ಣ ಹಾಕಿದೆ. ಹಳೆಯದರಲ್ಲಿ ಕೆಂಪು ಕಡ್ಡಿಗಳು ಕಂಡವು, ಅಂದರೆ ಬಣ್ಣ ಸರಿಯಿದೆ. ಹುಡುಗಿಯದರಲ್ಲಿ ಡಾಕ್ಟರು ಎಣ್ಣೆಯ ಲೆನ್ಸಿನಲ್ಲಿ ಬಹಳ ಹೊತ್ತು ಹುಡುಕಿದರೂ ಒಂದೂ ಸಿಗಲಿಲ್ಲ. ಗ್ರಂಥಿಯಲ್ಲಿ ರೋಗಾಣು ಅಷ್ಟು ವಿರಳವಾಗಿರುವುದೇ ಹೆಚ್ಚು. ಸಿಗಲಿಲ್ಲವೆಂದು ಟಿಬಿ ಅಲ್ಲವೆನ್ನಲು ಬರುವುದಿಲ್ಲ.

ಬುಧವಾರ ರಿಪೋರ್ಟು ಹೋಯಿತು. ಲಿಂಫೋಮಾದ ಲಕ್ಷಣ ಇಲ್ಲ, ಟಿಬಿಗೆ ಹೊಂದುವ, ಗ್ರಾನುಲೋಮಾ ಎನ್ನುವ ಕೋಶಗಳ ಗುಂಪು ಇದೆ, ರೋಗಾಣು ಕಂಡಿಲ್ಲ. ತಾಯಿ ಇಂಗ್ಲಿಷ್ ಓದಲಾರರು. ಕವರನ್ನು ಹಾಗೇ ನನ್ನ ಕಡೆ ಚಾಚಿದರು. ಆಪರೇಷನ್ ಮಾಡಿದ ಡಾಕ್ಟರು ಮೇಲಿನ ಮಹಡಿಯಲ್ಲೇ ಇದ್ದರು, ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋದೆ. ಕಾಯಿಲೆಯ ಹೆಸರನ್ನು ಅದರ ಔಷಧಿಯನ್ನೂ ಹೇಳಬಲ್ಲವರ ಬಾಯಿಂದಲೇ ಕೇಳಬೇಕು. ಆರು ತಿಂಗಳ ಮಾತ್ರೆ, ಸರ್ಕಾರದಿಂದಲೇ ಉಚಿತ ಎಂದು ಅವರು ಹೇಳುವಾಗ ಆ ತಾಯಿ ಕೇಳಿದ್ದು ಒಂದೇ: "ಆ ಇನ್ನೊಂದು ಅಲ್ವಲ್ಲ?"

ಒಂದು ಕೊರತೆ ಮಾತ್ರ ಉಳಿಯಿತು. ಔಷಧಿಗೆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂದು ತಿಳಿಯುವ ಒಂದು ದಾರಿ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್, ಅದಕ್ಕೆ ಹಸಿ ಮಾಂಸ ಬೇಕು. ಫಾರ್ಮಲಿನ್ ರೋಗಾಣುವನ್ನೇ ಕೊಂದುಬಿಡುತ್ತದೆ. ಟಿಬಿಯ ಅನುಮಾನ ಚೀಟಿಯಲ್ಲೇ ಇದ್ದ ಮೇಲೆ ಆಪರೇಷನ್ ಥಿಯೇಟರಿನಲ್ಲೇ ಗಂಟಿನ ಒಂದು ಚೂರನ್ನು ಸಲೈನಿನಲ್ಲಿ ಬೇರೆ ಇಡಬೇಕಿತ್ತು. ಅದೃಷ್ಟಕ್ಕೆ ಕುತ್ತಿಗೆಯಲ್ಲಿ ಇನ್ನೊಂದು ಸಣ್ಣ ಗಂಟಿತ್ತು. ಗುರುವಾರ ಮಾತ್ರೆ ಶುರುಮಾಡುವ ಮೊದಲು ಅದಕ್ಕೆ ಸೂಜಿ ಹಾಕಿದರು. ತಾಯಿ ಮತ್ತೆ ಡಬ್ಬಿ ತಂದರು. ಬೆಳಕಿಗೆ ಹಿಡಿದು, ಮುಚ್ಚಳ ತೆಗೆದು ನೋಡಿದೆ. ಫಾರ್ಮಲಿನ್ನಿನ ವಾಸನೆ ಇರಲಿಲ್ಲ.