ಹಳೆಯ ಆಪ್: ಕೆಡವಿ ಬರೆಯಬೇಕಾ, ರಿಪೇರಿ ಮಾಡಿದರೆ ಸಾಕಾ?

ಬಿಲ್ಲಿಂಗ್ ಆಪ್‌ಗೆ ಹತ್ತು ವರ್ಷ ಆಗುತ್ತಿದ್ದಂತೆ ಹೊಸ ಡೆವಲಪರ್ ಒಬ್ಬರು ಬಂದು, "ಇದನ್ನು ಮುಟ್ಟೋಕೇ ಆಗಲ್ಲ ಸಾರ್, ಮೊದಲಿಂದ ಬರೆಯೋಣ" ಅನ್ನುತ್ತಾರೆ. ಮಾಲೀಕರು ಒಪ್ಪುತ್ತಾರೆ. ಎಷ್ಟೋ ತಿಂಗಳಾದರೂ ಹೊಸದು ಮುಗಿದಿರುವುದಿಲ್ಲ, ಹಳೆಯದನ್ನು ಯಾರೂ ನೋಡಿಕೊಳ್ಳುತ್ತಿರುವುದಿಲ್ಲ. ದೊಡ್ಡವರಿಗೂ ಹೀಗೇ ಆಗಿದೆ. ನೆಟ್‌ಸ್ಕೇಪ್ ಬ್ರೌಸರ್‌ನವರು 1998ರಲ್ಲಿ ಹಳೆಯ ಕೋಡ್ ಬದಿಗಿಟ್ಟು ಹೊಸದಾಗಿ ಬರೆಯಲು ಹೊರಟರು. ನೆಟ್‌ಸ್ಕೇಪ್ 6 ಬಂದಿದ್ದು 2000ದ ನವೆಂಬರ್‌ನಲ್ಲಿ. 5 ಬರಲೇ ಇಲ್ಲ.

ಹಾಗಾಗಿ ತೀರ್ಮಾನಕ್ಕೆ ಮೊದಲು ಸ್ವಲ್ಪ ಕೆಲಸ ಮಾಡಿ. ಇಲ್ಲಿ ಉದಾಹರಣೆಗೆ ಪಿಎಚ್‌ಪಿ 5ರಲ್ಲಿ ಬರೆದ, ಸಗಟು ಅಂಗಡಿಯೊಂದರ ಬಿಲ್ಲಿಂಗ್ ಆಪ್ ಇಟ್ಟುಕೊಳ್ಳೋಣ.

1. ದೂರುಗಳನ್ನು ಬರೆಯಿರಿ. "ರಿಪೋರ್ಟ್ ನಿಧಾನ" ಅಂದರೆ ಅದು ಬಹಳ ಸಲ ಡೇಟಾಬೇಸ್‌ನಲ್ಲಿ ಇಂಡೆಕ್ಸ್ ಇಲ್ಲದ ತೊಂದರೆ. ಅದಕ್ಕೆ ಹೊಸ ಆಪ್ ಬೇಕಿಲ್ಲ.

2. ಕೋಡ್ ಅನ್ನು ಗಿಟ್‌ಗೆ ಹಾಕಿ, ಬೇರೊಂದು ಕಂಪ್ಯೂಟರಿನಲ್ಲಿ ಡೇಟಾಬೇಸ್ ನಕಲಿನ ಜೊತೆ ಓಡಿಸಿ.

3. ಈಗಿನ ನಡವಳಿಕೆಯನ್ನು ಹಿಡಿದಿಡಿ. ಜನ ಎಡವುವುದು ಇಲ್ಲೇ. ಆಪ್ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತು, ನಿಜವಾಗಿ ಏನು ಮಾಡುತ್ತಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಕೋಡ್‌ನಲ್ಲಿ ಇಂಥ ಸಾಲು ಸಿಗುತ್ತದೆ:

```
if ($bill_date < '2017-07-01') {
```

ಕಸ ಅಂತ ಅಳಿಸಿಬಿಡುತ್ತಾರೆ. ಅದು ಜಿಎಸ್‌ಟಿ ಬರುವ ಮುಂಚಿನ ಬಿಲ್‌ಗಳಿಗೆ ವ್ಯಾಟ್ ಹಾಕುವ ಸಾಲು. ಹಳೆಯ ಬಿಲ್ ಒಂದನ್ನು ಮತ್ತೆ ಪ್ರಿಂಟ್ ತೆಗೆದ ದಿನ ತೆರಿಗೆ ತಪ್ಪು ಬರುತ್ತದೆ.

ಪೈಸೆ ಲೆಕ್ಕವೂ ಹಾಗೇ. ₹33.40ರ ಮೂರು ಸಾಮಾನು, 9% ಸಿಜಿಎಸ್‌ಟಿ ಅಂದುಕೊಳ್ಳಿ. ಒಂದೊಂದಕ್ಕೂ ಬೇರೆ ಬೇರೆ ರೌಂಡ್ ಮಾಡಿದರೆ 3.01ರಂತೆ ₹9.03. ಒಟ್ಟು ₹100.20ರ ಮೇಲೆ ಒಂದೇ ಸಲ ಮಾಡಿದರೆ ₹9.02. ಹಳೆಯ ಆಪ್ ಮೊದಲನೇ ದಾರಿಯಲ್ಲಿದ್ದು ಹೊಸದು ಎರಡನೇ ದಾರಿ ಹಿಡಿದರೆ ಇಂಥ ಹಳೆಯ ಬಿಲ್‌ಗಳು ಲೆಡ್ಜರ್ ಜೊತೆ ತಾಳೆಯಾಗಲ್ಲ.

ಅದಕ್ಕೇ ನಿಜವಾದ ಬಿಲ್‌ಗಳನ್ನು ಆರಿಸಿಕೊಳ್ಳಿ. ಡಿಸ್ಕೌಂಟ್ ಇರುವುದು, ಮಾಲು ವಾಪಸ್ ಬಂದದ್ದು, ರದ್ದಾದದ್ದು, ಬೇರೆ ರಾಜ್ಯಕ್ಕೆ ಹೋದದ್ದು, 2017ರ ಜುಲೈಗೆ ಮುಂಚಿನದು. ಕೌಂಟರಿನಲ್ಲಿ ಕೂರುವವರನ್ನು ಕೇಳಿದರೆ ವಿಚಿತ್ರವಾದ ಬಿಲ್‌ಗಳನ್ನು ಅವರೇ ನೆನಪಿಸಿಕೊಡುತ್ತಾರೆ. ಒಂದೊಂದರ ಪುಟವನ್ನೂ `hale` ಫೋಲ್ಡರಿನಲ್ಲಿ ಉಳಿಸಿ. ಕೋಡ್ ಬದಲಿಸಿದ ಮೇಲೆ ಅದೇ ಪುಟವನ್ನು `hosa` ಅನ್ನುವ ಫೋಲ್ಡರ್ ಮಾಡಿ ಅದರೊಳಗೆ ಮತ್ತೆ ತೆಗೆದು ಹೋಲಿಸಿ. ಲಾಗಿನ್ ಆದ ಕುಕೀ `cookie.txt`ನಲ್ಲಿರಬೇಕು:

```
curl -s -b cookie.txt "http://localhost:8080/bill.php?no=1042" > hosa/1042.html
diff hale/1042.html hosa/1042.html
```

ಎರಡು ಕಡೆ ಎಚ್ಚರ ಬೇಕು. ಪುಟದಲ್ಲಿ ಇವತ್ತಿನ ದಿನಾಂಕ, ಸಮಯ ಅಚ್ಚಾಗುತ್ತಿದ್ದರೆ ಪ್ರತಿ ಸಲವೂ ವ್ಯತ್ಯಾಸ ತೋರಿಸುತ್ತದೆ, ಆ ಸಾಲನ್ನು ಮೊದಲು ತೆಗೆಯಿರಿ. ಇನ್ನೊಂದು ಇದಕ್ಕಿಂತ ಅಪಾಯದ್ದು. ಲಾಗಿನ್ ಅವಧಿ ಮುಗಿದಿದ್ದರೆ ಎರಡೂ ಫೈಲ್‌ಗಳಲ್ಲಿ ಲಾಗಿನ್ ಪುಟವೇ ಕೂತಿರುತ್ತದೆ. ವ್ಯತ್ಯಾಸ ಇಲ್ಲವೆಂದು ಖುಷಿಯಾಗಿಬಿಡುತ್ತೀರಿ. ಫೈಲ್ ತೆರೆದು ಬಿಲ್ ನಂಬರ್ ಇದೆಯಾ ಅಂತ ಕಣ್ಣಾರೆ ನೋಡಿ.

4. ಒಂದೇ ಒಂದು ಭಾಗವನ್ನು ಬದಲಿಸಿ ನೋಡಿ. ಶುರುವಿಗೆ ರಿಪೋರ್ಟ್ ಪುಟ ಒಳ್ಳೆಯದು, ಅದು ಬರೀ ಓದುತ್ತದೆ. ಹೊಸದನ್ನು ಬೇರೆ ಪೋರ್ಟ್‌ನಲ್ಲಿ ಓಡಿಸಿ, ಮುಂದೆ ನಿಂತಿರುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಲ್ಲಿ ಆ ವಿಳಾಸವನ್ನಷ್ಟೇ ತಿರುಗಿಸಿ:

```
location /report/ {
    proxy_pass http://127.0.0.1:8081;
}
```

ಕೆಟ್ಟರೆ ಈ ಸಾಲುಗಳನ್ನು ತೆಗೆದು ಎಂಜಿನ್‌ಎಕ್ಸ್ ರೀಲೋಡ್ ಮಾಡಿ, ಹಳೆಯದು ವಾಪಸ್ ಬರುತ್ತದೆ. ಬಿಲ್ ನಂಬರ್ ಹಾಕುವ ಕೆಲಸವನ್ನು ಮಾತ್ರ ಎರಡು ಕಡೆ ಬಿಡಲೇಬೇಡಿ, ಒಂದೇ ನಂಬರಿನ ಎರಡು ಬಿಲ್ ಹುಟ್ಟಿಕೊಳ್ಳುತ್ತವೆ. ಹಳೆಯ ಕೋಡ್ ಕೊಟ್ಟರೆ ಹೊಸ ಭಾಷೆಗೆ ತಾನೇ ಬದಲಿಸಿಕೊಡುತ್ತೇವೆ ಅನ್ನುವ ಪರಿವರ್ತಕಗಳನ್ನು ನಾನಂತೂ ಒಪ್ಪುವುದಿಲ್ಲ. ಹಳೆಯ ಗೋಜಲೇ ಹೊಸ ಭಾಷೆಯಲ್ಲಿ ಬರುತ್ತದೆ, ಓದೋದು ಇನ್ನೂ ಕಷ್ಟ.

5. ಈಗ ತೀರ್ಮಾನಿಸಿ. ರಿಪೋರ್ಟ್ ಭಾಗ ಹೋಲಿಕೆಯಲ್ಲಿ ಪಾಸಾಗಿ ಓಡುತ್ತಿದೆಯೇ? ಹಾಗಿದ್ದರೆ ಇದೇ ದಾರಿಯಲ್ಲಿ ಮುಂದುವರಿಯಿರಿ. ಪಿಎಚ್‌ಪಿ 5.6ಕ್ಕೆ ಭದ್ರತಾ ಅಪ್‌ಡೇಟ್ 2018ರ ಕೊನೆಗೇ ನಿಂತಿದೆ. ಅದರ `mysql_query` ತರದ ಫಂಕ್ಷನ್‌ಗಳು ಪಿಎಚ್‌ಪಿ 7ರಲ್ಲಿ ಇಲ್ಲವೇ ಇಲ್ಲ. ಇದು ಗಾಬರಿ ಹುಟ್ಟಿಸುತ್ತದೆ ನಿಜ, ಆದರೆ ಅವನ್ನು ಒಂದೊಂದೇ ಫೈಲ್ ಹಿಡಿದು `mysqli`ಗೆ ಬದಲಿಸಬಹುದು. ಪ್ರತಿ ಫೈಲ್ ಆದ ಮೇಲೂ ಮೇಲಿನ ಹೋಲಿಕೆ ಓಡಿಸಿ.

ಪೂರ್ತಿ ಬರೆಯಲೇಬೇಕಾದ ಸಂದರ್ಭಗಳೂ ಇವೆ. ಆಪ್ ನಿಂತಿರುವ ನೆಲವೇ ಹೋಗಿದ್ದರೆ ಬೇರೆ ದಾರಿಯಿಲ್ಲ. ಫ್ಲ್ಯಾಶ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು, ಅದರಲ್ಲಿದ್ದ ಆಪ್‌ಗಳನ್ನು ಮತ್ತೆ ಬರೆಯಲೇಬೇಕಾಯಿತು. ಸೋರ್ಸ್ ಕೋಡ್ ಕಳೆದುಹೋಗಿದ್ದರೂ ಅಷ್ಟೇ. ಡೇಟಾದ ವಿನ್ಯಾಸವೇ ವ್ಯವಹಾರಕ್ಕೆ ಹೊಂದದಿದ್ದರೂ ಹೊಸದೇ ವಾಸಿ. ಉದಾಹರಣೆಗೆ, ಒಂದೇ ಅಂಗಡಿ ಅಂದುಕೊಂಡು ಎಲ್ಲ ಟೇಬಲ್ ಮಾಡಿ, ಈಗ ನಾಲ್ಕು ಶಾಖೆ ಆಗಿದ್ದರೆ.

ಆಗಲೂ ಮೂರನೇ ಹಂತದಲ್ಲಿ ಉಳಿಸಿದ ಬಿಲ್‌ಗಳೇ ನಿಮ್ಮ ಪರೀಕ್ಷೆ. ಪುಟದ ರೂಪ ಬದಲಾಗಿರುತ್ತದೆ, ಹಾಗಾಗಿ ಮೊತ್ತ ಮತ್ತು ತೆರಿಗೆ ಅಂಕಿಗಳನ್ನಷ್ಟೇ ಹೋಲಿಸಿ. ಹಳೆಯ ಆಪ್ ಅನ್ನು ಓದಲು ಮಾತ್ರ ಬರುವಂತೆ, ಹೊರಗಿನ ಇಂಟರ್ನೆಟ್ ತಾಗದಂತೆ ಇಟ್ಟುಕೊಳ್ಳಿ. ಆ ವರ್ಷದ ಮಾರ್ಚ್ ಲೆಕ್ಕ ಆಡಿಟರ್ ಕೈಯಿಂದ ಹೊರಬರುವವರೆಗೆ ಅದರ ಸರ್ವರ್ ತೆಗೆಯಬೇಡಿ.